ಬಿಪಿ ಮಾತ್ರೆಯಿಂದ ವಯಸ್ಸಾದವರು ಬೀಳ್ತಾರಾ? ಹತ್ತು ಮಾತ್ರೆಯ ಕವರ್ ಬಿಚ್ಚಿ ನೋಡೋಣ

2024ರಲ್ಲಿ ಒಂದು ಸುದ್ದಿ ಓಡಾಡ್ತು, ವಯಸ್ಸಾದವರಿಗೆ ಬಿಪಿ ಮಾತ್ರೆ ಕೊಟ್ರೆ ಮೂಳೆ ಮುರಿಯೋ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಅಂತ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಹೊಸ ಮಾರ್ಗಸೂಚಿ ಬಿಟ್ವು, ಬಿಪಿ 130/80ಕ್ಕಿಂತ ಕೆಳಗೇ ಇರಬೇಕು ಅಂತ. ಮನೇಲಿ ಎಪ್ಪತ್ತು ದಾಟಿದ ಅಪ್ಪ ಅಮ್ಮ ಇರೋರು ಇವೆರಡನ್ನೂ ಓದಿದ್ರೆ ತಲೆ ಕೆಡೋದು ಸಹಜ. ಮಾತ್ರೆ ಕೊಡಬೇಕಾ, ನಿಲ್ಲಿಸಬೇಕಾ? ಕೆಲವರು ವಾಟ್ಸಾಪ್ ನೋಡ್ಕೊಂಡು ತಾವೇ ನಿಲ್ಲಿಸಿಬಿಡ್ತಾರೆ, ಅದು ಇನ್ನೂ ಅಪಾಯ.

ಈ ಎರಡು ಸುದ್ದಿಗಳ ನಡುವೆ ಇರೋ ಒಂದು ವಿಷ್ಯ ಮಾತ್ರ ಯಾವ ಹೆಡ್‌ಲೈನಲ್ಲೂ ಬರ್ಲಿಲ್ಲ. ಬಿಪಿ ಮಾತ್ರೆ ಆ ಕವರ್ ಒಳಗೆ ಒಂಟಿಯಾಗಿ ಇರಲ್ಲ. ಅದರ ಜೊತೆ ಮಂಡಿನೋವಿಂದು, ನರದ್ದು, ನಿದ್ದೇದು, ತಲೆಸುತ್ತಿಂದು, ಮೂತ್ರದ್ದು ಎಲ್ಲಾ ಇರುತ್ತೆ. ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಿ ಒಟ್ಟಿಗೆ ತಗೊಳ್ತಿದ್ರೆ ಅದಕ್ಕೆ ಪಾಲಿಫಾರ್ಮಸಿ ಅಂತಾರೆ. ಬೀಳೋದೂ, ಬುದ್ಧಿ ಮಂಕಾಗೋದೂ ಬಹಳ ಸಲ ಈ ಗುಂಪಿನ ಕೆಲಸ.

ಎರಡು ಸುದ್ದಿ, ಎರಡೂ ನಿಜ

ಮೂಳೆ ಮುರಿತದ ಅಧ್ಯಯನ ನಡೆದಿದ್ದು ಅಮೆರಿಕದ ಮಾಜಿ ಸೈನಿಕರ ನರ್ಸಿಂಗ್ ಹೋಮ್‌ಗಳಲ್ಲಿ, ಸುಮಾರು 30 ಸಾವಿರ ಜನರ ದಾಖಲೆ ನೋಡಿದ್ರು. ಅಂದ್ರೆ ತಮ್ಮ ಕೆಲಸ ತಾವು ಮಾಡ್ಕೊಳ್ಳೋಕೆ ಆಗದ, ಬಹಳ ಜನಕ್ಕೆ ಮರೆವಿನ ಕಾಯಿಲೆ ಕೂಡ ಇರೋ ಹಿರಿಯರು. ಅವರಿಗೆ ಹೊಸದಾಗಿ ಬಿಪಿ ಮಾತ್ರೆ ಶುರು ಮಾಡಿದಾಗ ಮುಂದಿನ 30 ದಿನದಲ್ಲಿ ಮೂಳೆ ಮುರಿತ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತು. ವರ್ಷಗಟ್ಟಲೆ ಒಂದೇ ಮಾತ್ರೆ ತಗೊಂಡು ಗಟ್ಟಿಯಾಗಿ ಓಡಾಡ್ಕೊಂಡಿರೋರ ಬಗ್ಗೆ ಈ ಅಧ್ಯಯನ ಏನೂ ಹೇಳಲ್ಲ.

ಬಿಪಿ ಇಳಿಸಲೇಬೇಕು ಅನ್ನೋರು ತೋರಿಸೋದು 2015ರ ಸ್ಪ್ರಿಂಟ್ ಅನ್ನೋ ದೊಡ್ಡ ಪ್ರಯೋಗನ. ಮೇಲಿನ ಬಿಪಿನ 120ಕ್ಕಿಂತ ಕೆಳಗೆ ಇಳಿಸೋ ಗುರಿ ಇಟ್ಕೊಂಡಾಗ 75 ದಾಟಿದವರಲ್ಲೂ ಹೃದಯದ ತೊಂದರೆ, ಸಾವು ಎರಡೂ ಕಮ್ಮಿ ಆದ್ವು. ಪೆಟ್ಟಾಗೋ ಥರ ಬೀಳೋದು ಹೇಳ್ಕೊಳ್ಳೋವಷ್ಟು ಹೆಚ್ಚಾಗ್ಲಿಲ್ಲ. ಆದ್ರೆ ಆ ಪ್ರಯೋಗಕ್ಕೆ ಯಾರನ್ನ ಸೇರಿಸ್ಲಿಲ್ಲ ಅಂತ ನೋಡಿ: ಸಕ್ಕರೆ ಕಾಯಿಲೆ ಇರೋರು, ಪಾರ್ಶ್ವವಾಯು ಆಗಿರೋರು, ನರ್ಸಿಂಗ್ ಹೋಮಲ್ಲಿರೋರು, ಎದ್ದು ನಿಂತು ಒಂದು ನಿಮಿಷಕ್ಕೆ ಬಿಪಿ 110ಕ್ಕಿಂತ ಕೆಳಗೆ ಹೋಗೋರು, ಇವರೆಲ್ಲ ಹೊರಗೆ. ನಮ್ಮ ಮಂಡ್ಯ, ಮೈಸೂರು ಕಡೆ ಸಕ್ಕರೆ ಕಾಯಿಲೆ ಇಲ್ಲದ ಬಿಪಿ ಪೇಷಂಟ್‌ನ ಹುಡುಕೋದೇ ಕಷ್ಟ, ಹಾಗಿರುವಾಗ ಆ ಲೆಕ್ಕ ತಂದು ಎಲ್ಲರಿಗೂ ಹಾಗೇ ಹಾಕೋಕೆ ಆಗಲ್ಲ. 2025ರ ಮಾರ್ಗಸೂಚಿ ಕೂಡ ಆರೈಕೆ ಕೇಂದ್ರದಲ್ಲಿ ಇರಬೇಕಾದವರಿಗೆ, ಆಯಸ್ಸು ಕಮ್ಮಿ ಉಳಿದಿರೋರಿಗೆ ಬೇರೆ ಥರ ಯೋಚಿಸಿ ಅಂತಾನೇ ಹೇಳುತ್ತೆ, ಆ ಸಾಲು ಹೆಡ್‌ಲೈನಿಗೆ ಬರ್ಲಿಲ್ಲ ಅಷ್ಟೆ.

ಹಂಗಾಗಿ ಕೇಳಬೇಕಾದ ಪ್ರಶ್ನೆ ಈ ಮನುಷ್ಯ ಎದ್ದು ನಿಂತಾಗ ಏನಾಗುತ್ತೆ, ಇವರ ಕವರಲ್ಲಿ ಇನ್ನೇನೇನು ಇದೆ ಅನ್ನೋದು.

ಎದ್ದು ನಿಂತಾಗ ಏನಾಗುತ್ತೆ

ಮಲಗಿದ್ದವರು ಎದ್ದು ನಿಂತ ತಕ್ಷಣ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲು, ಹೊಟ್ಟೆ ಕಡೆಗೆ ಇಳಿಯುತ್ತೆ. ಕುತ್ತಿಗೆಯ ರಕ್ತನಾಳದಲ್ಲಿರೋ ನರಗಳು ಅದನ್ನ ಕ್ಷಣದಲ್ಲಿ ಗುರುತಿಸಿ ಹೃದಯ ಜೋರಾಗಿ ಬಡಿಯೋ ಹಾಗೆ, ಕಾಲಿನ ರಕ್ತನಾಳ ಬಿಗಿಯೋ ಹಾಗೆ ಮಾಡ್ತವೆ, ಹಂಗಾಗಿ ಮಿದುಳಿಗೆ ರಕ್ತ ಕಮ್ಮಿ ಆಗಲ್ಲ. ವಯಸ್ಸಾದಂತೆ ಈ ವ್ಯವಸ್ಥೆ ನಿಧಾನ ಆಗುತ್ತೆ. ಹಳೇ ಸಕ್ಕರೆ ಕಾಯಿಲೆ ಇದ್ರೆ ಆ ನರಗಳೇ ಸೋತಿರ್ತವೆ. ಅದರ ಮೇಲೆ ರಕ್ತನಾಳ ಸಡಿಲ ಮಾಡೋ ಮಾತ್ರೆ, ದೇಹದ ನೀರು ಉಪ್ಪು ಹೊರಗೆ ಕಳಿಸೋ ಮಾತ್ರೆ ಸೇರಿದ್ರೆ, ನಿಂತಾಗ ಬಿಪಿ ದಢಕ್ಕಂತ ಕುಸಿಯುತ್ತೆ.

ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದ್ರೆ ಅದನ್ನ ತೊಂದರೆ ಅಂತ ಲೆಕ್ಕ ಹಾಕ್ತಾರೆ. ಕ್ಲಿನಿಕ್ಕಲ್ಲಿ ಕುರ್ಚಿ ಮೇಲೆ ಕೂರಿಸಿ ನೋಡೋ ಬಿಪಿಲಿ ಇದು ಸಿಗೋದೇ ಇಲ್ಲ. ಕೂತಾಗ 136/78, ಚೆನ್ನಾಗಿದೆ ಅಂತ ಬರೆದು ಕಳಿಸ್ತಾರೆ, ಅದೇ ಮನುಷ್ಯ ರಾತ್ರಿ ಎರಡು ಗಂಟೇಲಿ ಮೂತ್ರಕ್ಕೆ ಎದ್ದಾಗ 100ಕ್ಕೆ ಇಳಿದಿರುತ್ತೆ.

ನೋಡೋದು ಕಷ್ಟ ಏನಲ್ಲ. ಐದು ನಿಮಿಷ ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದನೇ ನಿಮಿಷಕ್ಕೆ ಒಂದು ಸಲ, ಮೂರನೇ ನಿಮಿಷಕ್ಕೆ ಇನ್ನೊಂದು ಸಲ. ಮನೇಲಿ ಮಿಷನ್ ಇರೋರೂ ಮಾಡಬಹುದು, ಪಕ್ಕದಲ್ಲಿ ಒಬ್ಬರು ಹಿಡ್ಕೊಳ್ಳೋಕೆ ನಿಂತಿರಬೇಕು ಅಷ್ಟೆ.

ಒಂದು ಕವರ್ ಬಿಚ್ಚೋಣ

ಅರ್ಥ ಆಗೋಕೆ ಒಂದು ಉದಾಹರಣೆ ಕಟ್ಕೊಳ್ಳೋಣ. ಇದು ಯಾರೋ ಒಬ್ಬರ ಕತೆ ಅಲ್ಲ, ಆದ್ರೆ ಇಂಥ ಚೀಟಿಗಳು ನಮ್ಮ ಕಡೆ ಮನೆಮನೇಲೂ ಇದ್ದಾವೆ. ಮದ್ದೂರು ಕಡೆ ಒಬ್ಬ ತಾತ, 76 ವರ್ಷ, 52 ಕೆಜಿ, ಮೊದ್ಲು ಕಬ್ಬು ಬೆಳೀತಿದ್ರು. ಎರಡು ತಿಂಗಳಲ್ಲಿ ಎರಡು ಸಲ ರಾತ್ರಿ ಹಜಾರದಲ್ಲಿ ಬಿದ್ದಿದ್ದಾರೆ. ಈಚೆಗೆ ಸಂಜೆ ಆದ್ರೆ ಸೊಸೇನ ತಂಗಿ ಹೆಸರಲ್ಲಿ ಕರೀತಾರೆ, ಬೆಳಗ್ಗೆ ಮತ್ತೆ ಸರಿ ಇರ್ತಾರೆ.

ಫಿಸಿಷಿಯನ್ ಕೊಟ್ಟಿರೋದು: ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಅನ್ನೋ ಮೂತ್ರ ಹೆಚ್ಚಿಸೋ ಔಷಧಿ ಸೇರಿರೋ ಒಂದು ಬಿಪಿ ಮಾತ್ರೆ, ಆಮೇಲೆ ಅಮ್ಲೋಡಿಪಿನ್, ಸಕ್ಕರೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿರೋದು ಎರಡು ಹೊತ್ತು, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ಮತ್ತು ಆಸ್ಪಿರಿನ್ ಸೇರಿರೋ ಕ್ಯಾಪ್ಸೂಲ್. ಮೈಸೂರಲ್ಲಿ ಮೂತ್ರದ ಡಾಕ್ಟರು ಪ್ರಾಸ್ಟೇಟ್‌ಗೆ ಅಂತ ಟ್ಯಾಮ್ಸುಲೋಸಿನ್ ಬರೆದಿದ್ದಾರೆ. ಮೂಳೆ ಡಾಕ್ಟರು ಮಂಡಿಗೆ ಅಸಿಕ್ಲೋಫೆನಾಕ್-ಪ್ಯಾರಾಸಿಟಮಾಲ್, ಅದರ ಜೊತೆ ಗ್ಯಾಸಿನ ಪ್ಯಾಂಟೋಪ್ರಜೋಲ್. ಪಾದ ಉರಿಗೆ ಪ್ರೆಗಾಬಾಲಿನ್-ನಾರ್ಟ್ರಿಪ್ಟಿಲಿನ್ ಸೇರಿರೋ ನರದ ಮಾತ್ರೆ. ನಿದ್ದೆಗೆ ಕ್ಲೋನಜೆಪಾಮ್ 0.5. ಕೊನೆಗೆ ಊರಿನ ಮೆಡಿಕಲ್ ಸ್ಟೋರಲ್ಲಿ ತಲೆಸುತ್ತು ಅಂತ ಹೇಳಿ ತಂದಿರೋ ಸಿನ್ನರಿಜಿನ್-ಡೈಮೆನ್‌ಹೈಡ್ರಿನೇಟ್, ದಿನಕ್ಕೆ ಮೂರು.

ಮನೆಯವರ ಲೆಕ್ಕಕ್ಕೆ ಹತ್ತು ಥರ ಮಾತ್ರೆ. ಒಳಗಿರೋ ಔಷಧಿ ಎಣಿಸಿದ್ರೆ ಹದಿನಾರು. ನಮ್ಮ ದೇಶದಲ್ಲಿ ಎರಡು ಮೂರು ಔಷಧಿ ಒಂದೇ ಮಾತ್ರೇಲಿ ಕೂರಿಸೋದು ಜಾಸ್ತಿ, ಹಂಗಾಗಿ ಮಾತ್ರೆ ಎಣಿಸಿದ್ರೆ ಸಾಲದು, ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಬೇಕು. ಒಂದೇ ಟೆಲ್ಮಿಸಾರ್ಟನ್ ಎರಡು ಕಂಪನಿ ಹೆಸರಲ್ಲಿ ಬಂದು, ಎರಡನ್ನೂ ಬೇರೆ ಬೇರೆ ಅಂದ್ಕೊಂಡು ನುಂಗೋರು ಕೂಡ ಇರ್ತಾರೆ.

ಈಗ ಈ ಹದಿನಾರನ್ನ ಕೆಲಸದ ಪ್ರಕಾರ ಗುಂಪು ಮಾಡಿ. ನಿಂತಾಗ ಬಿಪಿ ಬೀಳಿಸೋವು ಐದು: ಟೆಲ್ಮಿಸಾರ್ಟನ್, ಹೈಡ್ರೋಕ್ಲೋರೋಥಯಜೈಡ್, ಅಮ್ಲೋಡಿಪಿನ್, ಟ್ಯಾಮ್ಸುಲೋಸಿನ್, ನಾರ್ಟ್ರಿಪ್ಟಿಲಿನ್. ಮಂಪರು ತರಿಸೋವೂ ಐದು: ಪ್ರೆಗಾಬಾಲಿನ್, ನಾರ್ಟ್ರಿಪ್ಟಿಲಿನ್, ಕ್ಲೋನಜೆಪಾಮ್, ಸಿನ್ನರಿಜಿನ್, ಡೈಮೆನ್‌ಹೈಡ್ರಿನೇಟ್. ಯಾವ ಡಾಕ್ಟರೂ ಒಬ್ಬ ಮುದುಕರಿಗೆ ಐದು ಮಂಪರಿನ ಔಷಧಿ ಬೇಕು ಅಂತ ಬರೀಲಿಲ್ಲ. ಒಬ್ಬೊಬ್ಬರು ಒಂದೊಂದು ಬರೆದ್ರು, ಪೂರ್ತಿ ಲೆಕ್ಕ ಯಾರ ಕಣ್ಣಿಗೂ ಬೀಳ್ಲಿಲ್ಲ.

ಮಾತ್ರೆ ಹಿಂದೆ ಮಾತ್ರೆ ಹೇಗೆ ಬಂತು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದ್ರೆ ಪಾಲಿಫಾರ್ಮಸಿಯ ಮೂಲ ಇರೋದೇ ಇಲ್ಲಿ. ಮೊದಲು ಮಂಡಿ ಮಾತ್ರೆ. ಅಸಿಕ್ಲೋಫೆನಾಕ್ ಥರದ ನೋವಿನ ಮಾತ್ರೆ ದಿನಾ ತಗೊಂಡ್ರೆ ದೇಹದಲ್ಲಿ ಉಪ್ಪು ನೀರು ನಿಲ್ಲುತ್ತೆ, ಬಿಪಿ ಏರುತ್ತೆ, ಜೊತೆಗೆ ಬಿಪಿ ಮಾತ್ರೆಯ ಶಕ್ತಿನೂ ಕುಗ್ಗಿಸುತ್ತೆ. ಬಿಪಿ ಕಂಟ್ರೋಲಿಗೆ ಬರ್ತಿಲ್ಲ ಅಂತ ಎರಡನೇ ಬಿಪಿ ಮಾತ್ರೆ ಸೇರಿತು. ಪಾದ ಉರಿಗೆ ಬಂದ ನಾರ್ಟ್ರಿಪ್ಟಿಲಿನ್ ಮೂತ್ರಕೋಶದ ಸಂಕೋಚನ ಕಮ್ಮಿ ಮಾಡುತ್ತೆ. ಪ್ರಾಸ್ಟೇಟ್ ದಪ್ಪ ಆಗಿರೋರಿಗೆ ಇದರಿಂದ ಮೂತ್ರ ಪೂರ್ತಿ ಖಾಲಿ ಆಗದೆ ಮತ್ತೆ ಮತ್ತೆ ಎದ್ದು ಹೋಗೋ ಹಾಗಾಗುತ್ತೆ, ಅದಕ್ಕೆ ಟ್ಯಾಮ್ಸುಲೋಸಿನ್ ಬಂತು, ಅದು ನಿಂತಾಗಿನ ಬಿಪಿನ ಇನ್ನಷ್ಟು ಇಳಿಸ್ತು. ಬಿಪಿ ಇಳಿದು ತಲೆ ತಿರುಗೋಕೆ ಶುರುವಾಯ್ತು. ಆ ತಲೆಸುತ್ತಿಗೆ ಸಿನ್ನರಿಜಿನ್ ಬಂತು, ಜೊತೆಲಿರೋ ಡೈಮೆನ್‌ಹೈಡ್ರಿನೇಟ್ ಮತ್ತೆ ಮೂತ್ರ ಕಟ್ಟಿಸುತ್ತೆ, ಮಂಪರು ತರುತ್ತೆ. ಸುತ್ತು ಪೂರ್ತಿ ಆಯ್ತು.

ಇದು ಇಲ್ಲಿಗೇ ನಿಲ್ಲಲ್ಲ. ಸಿನ್ನರಿಜಿನ್‌ನ ತಿಂಗಳುಗಟ್ಟಲೆ ತಗೊಂಡ ಹಿರಿಯರಿಗೆ ಕೈ ನಡುಕ, ನಡಿಗೆ ನಿಧಾನ, ಪಾದ ಎಳ್ಕೊಂಡು ನಡಿಯೋದು, ಮುಖ ಬಿಗಿಯೋದು ಶುರು ಆಗಬಹುದು, ನೋಡೋಕೆ ಪಾರ್ಕಿನ್ಸನ್ ಥರಾನೇ ಇರುತ್ತೆ. ಮೂಲ ಗೊತ್ತಾಗದೆ ನಡುಕಕ್ಕೆ ಅಂತ ಟ್ರೈಹೆಕ್ಸಿಫೆನಿಡಿಲ್ ಕೊಟ್ರೆ, ಅದು ಮರೆವು ಗೊಂದಲ ತರಿಸೋ ಔಷಧಿಗಳಲ್ಲಿ ಮುಂದಿನ ಸಾಲಿನದ್ದು. ಸಿನ್ನರಿಜಿನ್ ನಿಲ್ಲಿಸಿದ್ರೆ ಬಹಳ ಜನಕ್ಕೆ ಕೆಲವು ವಾರ ತಿಂಗಳಲ್ಲಿ ನಡುಕ ಕಮ್ಮಿ ಆಗುತ್ತೆ. ಹಂಗಾಗಿ ವಯಸ್ಸಾದವರಲ್ಲಿ ಹೊಸ ತೊಂದರೆ ಕಂಡ್ರೆ ಹೊಸ ಕಾಯಿಲೆ ಅನ್ನೋ ಮೊದಲು ಕೇಳಬೇಕಾದ್ದು, ಹೋದ ಎರಡು ಮೂರು ತಿಂಗಳಲ್ಲಿ ಯಾವ ಮಾತ್ರೆ ಹೊಸದಾಗಿ ಸೇರಿದೆ ಅಂತ.

ಅರಳು ಮರಳು ಅಂತ ಬಿಡೋ ಮೊದಲು

ಅರವತ್ತಕ್ಕೆ ಅರಳು ಮರಳು ಅನ್ನೋ ಮಾತು ಬಾಯಿಗೆ ಸುಲಭವಾಗಿ ಬಂದುಬಿಡುತ್ತೆ. ಆದ್ರೆ ನಿಜವಾದ ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಬರುತ್ತೆ. ಕೆಲವೇ ದಿನದಲ್ಲಿ ಶುರುವಾಗಿ, ಬೆಳಗ್ಗೆ ಸರಿ ಇದ್ದು ಸಂಜೆ ಕೆಡೋ ಗೊಂದಲ ಬೇರೆ, ಅದಕ್ಕೆ ಡೆಲಿರಿಯಂ ಅಂತಾರೆ, ಅದರ ಹಿಂದೆ ಸೋಂಕು, ರಕ್ತದ ಲವಣ ಏರುಪೇರು, ಔಷಧಿ ಹೀಗೆ ಹುಡುಕಿದ್ರೆ ಸಿಗೋ ಕಾರಣ ಇರುತ್ತೆ.

ನಮ್ಮ ಉದಾಹರಣೆಯ ತಾತನ ಗೊಂದಲಕ್ಕೆ ಮೂರು ಕಾರಣ ಇರಬಹುದು. ಒಂದು, ಹೈಡ್ರೋಕ್ಲೋರೋಥಯಜೈಡ್‌ನಿಂದ ರಕ್ತದಲ್ಲಿ ಸೋಡಿಯಂ ಇಳಿಯೋದು, ಇದು ತೂಕ ಕಮ್ಮಿ ಇರೋ ವಯಸ್ಸಾದವರಿಗೆ ಬೇಗ ಆಗುತ್ತೆ. ಎರಡು, ಗ್ಲಿಮೆಪಿರೈಡ್. ಇದು ಊಟ ಮಾಡಿದ್ರೂ ಮಾಡದಿದ್ರೂ ಇನ್ಸುಲಿನ್ ಹೊರಡಿಸುತ್ತೆ. ಮೊದ್ಲು ಎರಡು ಮುದ್ದೆ ಉಣ್ತಿದ್ದೋರು ಈಗ ಅರ್ಧ ಮುದ್ದೆ ಉಂಡು ಮಲಗ್ತಾರೆ, ಮಾತ್ರೆ ಮಾತ್ರ ಹಳೇ ಲೆಕ್ಕದ್ದೇ. ರಾತ್ರಿ ಸಕ್ಕರೆ ಇಳಿದು ಬೆವರು, ನಡುಕ, ಅಸಂಬದ್ಧ ಮಾತು ಬರುತ್ತೆ. ಮೂರು, ಕ್ಲೋನಜೆಪಾಮ್. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕೆ ಇಳಿಯೋಕೇ 30-40 ಗಂಟೆ ಬೇಕು. ಅಂದ್ರೆ ಇವತ್ತಿನ ಮಾತ್ರೆ ನುಂಗುವಾಗ ನಿನ್ನೇದು ಅರ್ಧಕ್ಕೂ ಜಾಸ್ತಿ ಒಳಗೇ ಇರುತ್ತೆ. ಪ್ರೆಗಾಬಾಲಿನ್ ಹೊರಗೆ ಹೋಗೋದು ಕಿಡ್ನಿ ಮೂಲಕ, ಕಿಡ್ನಿ ಅರ್ಧ ಕೆಲಸ ಮಾಡ್ತಿದ್ರೆ ಅದೂ ಒಳಗೇ ಸೇರ್ಕೊಳ್ಳುತ್ತೆ.

ಮೆಡಿಸಿನ್ ರಿವ್ಯೂ ಅಂದ್ರೆ ಏನು ಮಾಡ್ತಾರೆ

ಔಷಧಿ ಪರಿಶೀಲನೆ ಅಂದ್ರೆ ಚೀಟಿ ನೋಡಿ ಎರಡು ಮಾತ್ರೆ ಹೊಡೆದು ಹಾಕೋದು ಅಲ್ಲ. ಮೊದಲ ಹೆಜ್ಜೆ ಮನೇಲಿರೋ ಎಲ್ಲಾ ಸ್ಟ್ರಿಪ್, ಸಿರಪ್, ಕಣ್ಣಿನ ಡ್ರಾಪ್ಸ್, ನಾಟಿ ಔಷಧಿ, ಶೀತದ ಮಾತ್ರೆ, ಎಲ್ಲವನ್ನೂ ಒಂದು ಕವರಿಗೆ ಹಾಕ್ಕೊಂಡು ಬರೋದು. ಚೀಟೀಲಿ ಇರೋದು ಬೇರೆ, ನಿಜವಾಗಿ ನುಂಗ್ತಿರೋದು ಬೇರೆ ಇರುತ್ತೆ. ಆಮೇಲೆ ಒಂದೊಂದನ್ನೂ ಕೈಗೆತ್ಕೊಂಡು ಕೇಳೋದು: ಇದು ಯಾವ ಕಾಯಿಲೆಗೆ, ಆ ಕಾಯಿಲೆ ಈಗ್ಲೂ ಇದೆಯಾ, ಇದರಿಂದ ಗುಣ ಕಾಣ್ತಿದೆಯಾ, ತೊಂದರೆ ಆಗ್ತಿದೆಯಾ. ಇದಕ್ಕೆ ಸಹಾಯ ಆಗೋ ಪಟ್ಟಿಗಳಿವೆ. ಅಮೆರಿಕದಲ್ಲಿ 1991ರಲ್ಲಿ ಶುರುವಾದ ಬಿಯರ್ಸ್ ಪಟ್ಟಿ, ಐರ್ಲೆಂಡಿಂದ ಬಂದ ಸ್ಟಾಪ್-ಸ್ಟಾರ್ಟ್ ಪಟ್ಟಿ, ಎರಡನ್ನೂ 2023ರಲ್ಲಿ ಪರಿಷ್ಕರಿಸಿದ್ದಾರೆ. ಹೆಸರೇ ಹೇಳೋ ಹಾಗೆ ಎರಡನೇದ್ರಲ್ಲಿ ನಿಲ್ಲಿಸೋದರ ಜೊತೆ, ಬೇಕಿದ್ದೂ ಕೊಡದೆ ಬಿಟ್ಟಿರೋ ಔಷಧಿ ಶುರು ಮಾಡೋದೂ ಇದೆ.

ತಾತನ ಪರೀಕ್ಷೆ ಹೀಗೆ ಬಂತು ಅಂದ್ಕೊಳ್ಳಿ. ಮಲಗಿದಾಗ ಬಿಪಿ 138/78, ನಿಂತು ಒಂದು ನಿಮಿಷಕ್ಕೆ 108/66. ಸೋಡಿಯಂ 127, ಇರಬೇಕಾದ್ದು 135ರಿಂದ 145. ಮೂರು ತಿಂಗಳ ಸಕ್ಕರೆ ಸರಾಸರಿ 6.2, ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ 1.5. ರಿಪೋರ್ಟ್ ನೋಡಿ ಮನೆಯವರು ಸಕ್ಕರೆ ಸೂಪರ್ ಕಂಟ್ರೋಲ್ ಅಂತ ಖುಷಿ ಪಡ್ತಾರೆ. ಆದ್ರೆ ಇಷ್ಟು ಕಾಯಿಲೆ ಇರೋ ಹಿರಿಯರಿಗೆ 8ರ ಒಳಗೆ ಇದ್ರೆ ಸಾಕು ಅನ್ನೋದು ಈಗಿನ ಸಲಹೆ. ಗ್ಲಿಮೆಪಿರೈಡ್ ತಗೊಂಡು 6.2 ಇದೆ ಅಂದ್ರೆ ದಿನದ ಯಾವುದೋ ಹೊತ್ತಲ್ಲಿ ಸಕ್ಕರೆ ತೀರಾ ಇಳೀತಿದೆ ಅಂತ ಅನುಮಾನ ಪಡಬೇಕು.

ಯಾವುದು ಮೊದಲು, ಯಾವುದು ನಿಧಾನ

ಈಗಲೇ ಹಾನಿ ಮಾಡ್ತಿರೋವು ಮೊದಲ ದಿನವೇ ಹೋಗ್ತವೆ. ಹೈಡ್ರೋಕ್ಲೋರೋಥಯಜೈಡ್ ಇಲ್ಲದ ಬರೀ ಟೆಲ್ಮಿಸಾರ್ಟನ್‌ಗೆ ಬದಲಾಯಿಸಿ, ನಾಲ್ಕೈದು ದಿನದಲ್ಲಿ ಸೋಡಿಯಂ ಮತ್ತೆ ನೋಡ್ತಾರೆ. ಅಸಿಕ್ಲೋಫೆನಾಕ್ ಹೋಗಿ ಬರೀ ಪ್ಯಾರಾಸಿಟಮಾಲ್ ಉಳಿಯುತ್ತೆ, ಯಾಕಂದ್ರೆ ನೋವಿನ ಮಾತ್ರೆ, ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸೋ ಔಷಧಿ ಈ ಮೂರೂ ಸೇರಿದ್ರೆ ಕಿಡ್ನಿಗೆ ದೊಡ್ಡ ಪೆಟ್ಟು. ಗ್ಲಿಮೆಪಿರೈಡ್ ತೆಗೆದು ಮೆಟ್‌ಫಾರ್ಮಿನ್ ಮಾತ್ರ. ಸಿನ್ನರಿಜಿನ್ ಮಾತ್ರೆ ನಿಲ್ಲುತ್ತೆ.

ಮಿಕ್ಕಿದ್ದು ಒಂದೊಂದಾಗಿ, ಎರಡು ಮೂರು ವಾರದ ಅಂತರದಲ್ಲಿ. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಗುಣ ಆಯ್ತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲ್ಲ. ನರದ ಮಾತ್ರೇನ ನಾರ್ಟ್ರಿಪ್ಟಿಲಿನ್ ಇಲ್ಲದ, ಕಮ್ಮಿ ಡೋಸಿನ ಪ್ರೆಗಾಬಾಲಿನ್‌ಗೆ ಬದಲಾಯಿಸ್ತಾರೆ. ಮೂತ್ರ ಸಲೀಸಾದ್ರೆ ಟ್ಯಾಮ್ಸುಲೋಸಿನ್ ಬೇಕಾ ಅಂತ ಆಮೇಲೆ ನೋಡೋದು. ಆಸ್ಪಿರಿನ್‌ಗೆ ಒಂದೇ ಪ್ರಶ್ನೆ, ಹಿಂದೆ ಹಾರ್ಟ್ ಅಟ್ಯಾಕ್, ಸ್ಟೆಂಟ್, ಪಾರ್ಶ್ವವಾಯು ಆಗಿತ್ತಾ? ಆಗಿದ್ರೆ ಮುಟ್ಟೋ ಹಾಗಿಲ್ಲ. ಏನೂ ಆಗದ 70 ದಾಟಿದ ಸುಮಾರು 19 ಸಾವಿರ ಜನರ ಮೇಲೆ ನಡೆದು 2018ರಲ್ಲಿ ಬಂದ ಆಸ್ಪ್ರೀ ಅಧ್ಯಯನದಲ್ಲಿ ಆಸ್ಪಿರಿನ್‌ನಿಂದ ಆರೋಗ್ಯವಾಗಿ ಬದುಕೋ ವರ್ಷ ಹೆಚ್ಚಾಗ್ಲಿಲ್ಲ, ರಕ್ತಸ್ರಾವ ಹೆಚ್ಚಾಯ್ತು.

ಎಲ್ಲಕ್ಕಿಂತ ನಿಧಾನ ಆಗಬೇಕಾದ್ದು ಕ್ಲೋನಜೆಪಾಮ್. ವರ್ಷಗಟ್ಟಲೆ ತಗೊಂಡಿದ್ದನ್ನ ದಿಢೀರ್ ನಿಲ್ಲಿಸಿದ್ರೆ ನಿದ್ದೆ ಪೂರ್ತಿ ಹೋಗುತ್ತೆ, ಗಾಬರಿ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ ಸೂಚನೆ ಮೇಲೆ 0.5 ಒಂದು ರಾತ್ರಿ, 0.25 ಮಾರನೇ ರಾತ್ರಿ ಹೀಗೆ ಎರಡು ವಾರ, ಆಮೇಲೆ ದಿನಾ 0.25, ಆಮೇಲೆ ಅದರ ಅರ್ಧ, ಹೀಗೆ ಮೂರು ತಿಂಗಳಾದ್ರೂ ಹಿಡಿಯುತ್ತೆ. ಬಿಪಿಗೆ ಕೊಡೋ ಮೆಟೊಪ್ರೊಲಾಲ್, ಕ್ಲೋನಿಡಿನ್, ಫಿಟ್ಸ್ ಮಾತ್ರೆ, ಸ್ಟೆರಾಯ್ಡ್, ಪಾರ್ಕಿನ್ಸನ್ ಮಾತ್ರೆ, ಇವೂ ಮನೆಯವರು ತಾವಾಗೇ ನಿಲ್ಲಿಸೋ ಹಾಗಿಲ್ಲ.

ಎರಡು ವಾರ ಬಿಟ್ಟು ನೋಡಿದ್ರೆ ಮಲಗಿದಾಗ ಬಿಪಿ 142/80, ನಿಂತಾಗ 130/76. ಇಳಿಕೆ 30ರಿಂದ 12ಕ್ಕೆ ಬಂತು. ಆದ್ರೆ ಮಲಗಿದಾಗಿನ ಅಂಕಿ 130 ದಾಟಿದೆ, ಇಲ್ಲಿ ಡಾಕ್ಟರುಗಳಲ್ಲೇ ಭಿನ್ನಾಭಿಪ್ರಾಯ ಇರುತ್ತೆ. ಹೃದಯದವರಿಗೆ ಪಾರ್ಶ್ವವಾಯುವಿನ ಚಿಂತೆ, ಅದು ಸುಳ್ಳಲ್ಲ. ವೃದ್ಧರ ಚಿಕಿತ್ಸೆ ಮಾಡೋರಿಗೆ ಸೊಂಟದ ಮೂಳೆ ಮುರಿತದ ಚಿಂತೆ, ಅದಾದ್ಮೇಲೆ ಎಷ್ಟೋ ಜನ ಮೊದಲಿನ ಹಾಗೆ ಓಡಾಡೋದೇ ಇಲ್ಲ. ಇಂಗ್ಲೆಂಡಲ್ಲಿ 2020ರ ಆಪ್ಟಿಮೈಸ್ ಪ್ರಯೋಗದಲ್ಲಿ 80 ದಾಟಿದ 569 ಜನರಲ್ಲಿ ಒಂದು ಗುಂಪಿಗೆ ಒಂದು ಬಿಪಿ ಮಾತ್ರೆ ಕಮ್ಮಿ ಮಾಡಿ 12 ವಾರ ನೋಡಿದ್ರು, 86% ಜನರ ಬಿಪಿ 150ರ ಒಳಗೇ ಇತ್ತು, ಕಮ್ಮಿ ಮಾಡದ ಗುಂಪಿನಲ್ಲಿ 88%. ಹನ್ನೆರಡು ವಾರ ಅಂದ್ರೆ ಚಿಕ್ಕ ಅವಧಿ, ವರ್ಷಗಳ ಮೇಲೆ ಪಾರ್ಶ್ವವಾಯು ಹೆಚ್ಚುತ್ತಾ ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಎರಡು ಸಲ ಬಿದ್ದಿರೋ ಈ ತಾತನ ವಿಚಾರದಲ್ಲಿ ನಿಂತಾಗಿನ 130ನ್ನೇ ಲೆಕ್ಕಕ್ಕೆ ತಗೊಳ್ಳೋದು ಸರಿ ಅಂತ ನನ್ನ ಅಭಿಪ್ರಾಯ.

ಇದರಿಂದ ಬೀಳೋದು ನಿಲ್ಲುತ್ತಾ

ಇಲ್ಲಿ ದೊಡ್ಡ ಮಾತು ಹೇಳೋಕೆ ಆಗಲ್ಲ. ಬರೀ ಔಷಧಿ ಪರಿಶೀಲನೆ ಒಂದನ್ನೇ ಮಾಡಿ ಬೀಳೋದು ಕಮ್ಮಿ ಆಯ್ತಾ ಅಂತ ನೋಡಿದ ಅಧ್ಯಯನಗಳ ಫಲಿತಾಂಶ ಮಿಶ್ರ. ಬೀಳೋಕೆ ಕಣ್ಣಿನ ಪೊರೆ, ಕಾಲಿನ ಸ್ನಾಯು ಸೋಲೋದು, ಕತ್ತಲೆ, ಹೊಸ್ತಿಲು ಎಲ್ಲಾ ಕಾರಣ. ನಿದ್ದೆ, ಮನಸ್ಸಿನ ಔಷಧಿ ಕಮ್ಮಿ ಮಾಡೋದರಲ್ಲಿ ಸ್ಪಷ್ಟ ಗುಣ ಕಂಡಿದೆ. ನ್ಯೂಜಿಲೆಂಡಲ್ಲಿ 1999ರಲ್ಲಿ ಬಂದ 93 ಜನರ ಚಿಕ್ಕ ಪ್ರಯೋಗದಲ್ಲಿ ಇವನ್ನ ಮೆಲ್ಲಗೆ ಬಿಡಿಸಿದಾಗ ಬೀಳೋದು 66% ಕಮ್ಮಿ ಆಯ್ತು, ಆದ್ರೆ ಪ್ರಯೋಗ ಮುಗಿದ ಒಂದು ತಿಂಗಳಲ್ಲೇ ಬಿಟ್ಟವರಲ್ಲಿ ಅರ್ಧದಷ್ಟು ಜನ ಮತ್ತೆ ಅದೇ ಮಾತ್ರೆಗೆ ಹೋದ್ರು. ಬಿಡಿಸೋದು ಎಷ್ಟು ಕಷ್ಟ ಅನ್ನೋದಕ್ಕೆ ಇದೇ ಸಾಕ್ಷಿ. ನಮ್ಮ ತಾತಂಗೂ ಪಾದ ಉರಿ ಸ್ವಲ್ಪ ಮರಳಬಹುದು, ಮೊದಲ ವಾರಗಳಲ್ಲಿ ನಿದ್ದೆ ಕೆಡುತ್ತೆ, ಮಂಡಿ ನೋವು ಪ್ಯಾರಾಸಿಟಮಾಲ್‌ಗೆ ಪೂರ್ತಿ ಬಗ್ಗಲ್ಲ. ಇದನ್ನ ಮೊದಲೇ ಹೇಳಿರದಿದ್ರೆ ಮನೆಯವರು ಹತ್ತನೇ ದಿನಕ್ಕೆ ಹಳೇ ಸ್ಟ್ರಿಪ್ ತಂದು ಕೊಡ್ತಾರೆ.

ನಮ್ಮ ಕಡೆ ಯಾರನ್ನ ಕೇಳೋದು

ಕಷ್ಟ ಇರೋದು ಇಲ್ಲಿ. ನಾಲ್ಕು ಡಾಕ್ಟರ ಚೀಟಿ ಇದ್ದಾಗ ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ನಿಲ್ಲಿಸೋಕೆ ಹಿಂಜರೀತಾರೆ. ಹಂಗಾಗಿ ಒಬ್ಬ ಫಿಸಿಷಿಯನ್‌ನ ಗಟ್ಟಿ ಮಾಡ್ಕೊಂಡು, ಪೂರ್ತಿ ಪಟ್ಟಿ ಅವರ ಹತ್ರಾನೇ ಇರೋ ಹಾಗೆ ನೋಡ್ಕೊಳ್ಳಬೇಕು. ಮೈಸೂರಿನ ಜೆಎಸ್‌ಎಸ್‌ನಂಥ ಕಡೆ ಕ್ಲಿನಿಕಲ್ ಫಾರ್ಮಸಿ ವಿಭಾಗ ಇದೆ. 2008ರಿಂದ ದೇಶದಲ್ಲಿ ಶುರುವಾದ ಫಾರ್ಮ್ ಡಿ ಅನ್ನೋ ಔಷಧಿ ಕೋರ್ಸ್ ಓದಿದವರಿಗೆ ಔಷಧಿ ಪಟ್ಟಿ ಪರಿಶೀಲಿಸೋ ತರಬೇತಿನೂ ಇರುತ್ತೆ, ಅವರು ಗುರುತು ಹಾಕಿ ಕೊಟ್ಟಿದ್ದನ್ನ ಡಾಕ್ಟರು ತೀರ್ಮಾನ ಮಾಡ್ತಾರೆ. ಮಂಡ್ಯದಲ್ಲಿ ಮಿಮ್ಸ್, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆಯ ಮೆಡಿಸಿನ್ ಓಪಿಡಿಗೆ ಹೋಗೋರು ಮಾತ್ರೆ ಕವರ್ ಪೂರ್ತಿ ತಗೊಂಡು ಹೋಗಿ. ಜನ ಜಾಸ್ತಿ, ಟೈಮ್ ಕಮ್ಮಿ, ಹಂಗಾಗಿ ಹೇಳಬೇಕಾದ್ದು ಒಂದು ಹಾಳೇಲಿ ಬರ್ಕೊಂಡಿರಿ: ಎಷ್ಟು ಸಲ ಬಿದ್ರು, ಯಾವ ಹೊತ್ತಲ್ಲಿ, ಮಾತ್ರೆ ತಗೊಂಡು ಎಷ್ಟು ಗಂಟೆ ಆಗಿತ್ತು, ಗೊಂದಲ ಯಾವತ್ತಿಂದ, ಮಲಗಿ ನಿಂತು ನೋಡಿದ ಬಿಪಿ ಎಷ್ಟು. ಮಾತ್ರೆಯಿಂದ ತೊಂದರೆ ಆಗಿದೆ ಅಂತ ಅನುಮಾನ ಇದ್ರೆ ಕೇಂದ್ರ ಸರ್ಕಾರದ ಔಷಧ ದುಷ್ಪರಿಣಾಮ ಸಹಾಯವಾಣಿ 1800-180-3024ಕ್ಕೆ ಮನೆಯವರೂ ತಿಳಿಸಬಹುದು.

ಆಸ್ಪತ್ರೆಗೆ ಸೇರಿ ಡಿಸ್ಚಾರ್ಜ್ ಆದ ವಾರ ಮಾತ್ರ ವಿಶೇಷ ಎಚ್ಚರ ಬೇಕು. ಅಲ್ಲಿ ನಿಲ್ಲಿಸಿದ್ದು ಮನೇಲಿ ಹಳೇ ಡಬ್ಬೀಲಿ ಇನ್ನೂ ಇರುತ್ತೆ, ಹೊಸ ಬ್ರ್ಯಾಂಡ್ ಹೆಸರು ಬೇರೆ ಇರುತ್ತೆ, ಎರಡೂ ಒಟ್ಟಿಗೆ ಶುರು ಆಗಿಬಿಡುತ್ತೆ. ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಹಳೇ ಮಾತ್ರೆಗಳಲ್ಲಿ ಯಾವುದು ಮುಂದುವರಿಯುತ್ತೆ, ಯಾವುದು ನಿಂತಿದೆ ಅಂತ ಒಂದೊಂದೇ ಹೆಸರು ಹಿಡಿದು ವಾರ್ಡಲ್ಲೇ ಕೇಳಿ, ನಿಂತಿದ್ದನ್ನ ಮನೆಗೆ ಬಂದ ದಿನವೇ ಡಬ್ಬಿಯಿಂದ ತೆಗೆದಿಡಿ.